ವಿಭಾಗದ ಸಾಧನೆ ಅಳೆಯುವುದು ಹೇಗೆ: ಶೇಕಡಾವಾರು ಪ್ರತಿಫಲವೋ, ಉಳಿಕೆ ಆದಾಯವೋ?

ದೊಡ್ಡ ಕಂಪನಿಯ ಒಂದು ವಿಭಾಗ ಎಷ್ಟು ಲಾಭ ಗಳಿಸಿತು ಎಂಬುದರಿಂದಷ್ಟೇ ಅದರ ಮುಖ್ಯಸ್ಥರ ಕೆಲಸವನ್ನು ತೂಗಲಾಗದು. ಆ ಲಾಭಕ್ಕಾಗಿ ಎಷ್ಟು ಬಂಡವಾಳ ತೊಡಗಿಸಲಾಗಿದೆ ಎಂಬುದನ್ನೂ ನೋಡಬೇಕು. ಇದಕ್ಕೆ ಬಳಕೆಯಲ್ಲಿರುವ ಅಳತೆಗಳು ಎರಡು. ಲಾಭವನ್ನು ಬಂಡವಾಳದಿಂದ ಭಾಗಿಸಿ ಶೇಕಡಾವಾರು ಹೇಳುವುದು ಹೂಡಿಕೆಯ ಮೇಲಿನ ಪ್ರತಿಫಲ, ಅಂದರೆ ಆರ್‌ಒಐ. ಲಾಭದಲ್ಲಿ ಬಂಡವಾಳದ ವೆಚ್ಚವನ್ನು ಕಳೆದು ಮಿಕ್ಕಿದ್ದನ್ನು ರೂಪಾಯಿಯಲ್ಲಿ ಹೇಳುವುದು ಉಳಿಕೆ ಆದಾಯ. ಸಾಲ ಕೊಟ್ಟವರೂ ಷೇರುದಾರರೂ ತಮ್ಮ ಹಣಕ್ಕೆ ಪ್ರತಿಯಾಗಿ ನಿರೀಕ್ಷಿಸುವ ಕನಿಷ್ಠ ಗಳಿಕೆಯೇ ಬಂಡವಾಳದ ವೆಚ್ಚ.

ಆರ್‌ಒಐ ಹಳೆಯದು. ಅಮೆರಿಕದ ಡುಪಾಂಟ್ ಕಂಪನಿಯಲ್ಲಿ 20ನೇ ಶತಮಾನದ ಆರಂಭದಲ್ಲೇ ಅದು ಬೇರೂರಿತು. ಅಲ್ಲಿನ ಡೊನಾಲ್ಡ್‌ಸನ್ ಬ್ರೌನ್ ಅದನ್ನು ಮಾರಾಟದ ಮೇಲಿನ ಲಾಭ ಮತ್ತು ಬಂಡವಾಳದ ವಹಿವಾಟು ವೇಗ ಎಂದು ಎರಡಾಗಿ ಬಿಡಿಸಿ ತೋರಿಸಿದರು. ಮುಂದೆ ಜನರಲ್ ಮೋಟರ್ಸ್‌ಗೂ ಆ ಪದ್ಧತಿಯನ್ನು ಒಯ್ದರು. ಉಳಿಕೆ ಆದಾಯವನ್ನು 1950ರ ದಶಕದಲ್ಲಿ ಜನರಲ್ ಎಲೆಕ್ಟ್ರಿಕ್ ಬಳಕೆಗೆ ತಂದಿತು.

ಎರಡೂ ಅಳತೆಗಳು ಎಲ್ಲಿ ಬೇರೆಯಾಗುತ್ತವೆ ಎಂಬುದು ಹೊಸ ಯೋಜನೆಯೊಂದು ಎದುರಾದಾಗ ಗೊತ್ತಾಗುತ್ತದೆ. ಒಂದು ವಿಭಾಗದಲ್ಲಿ 10 ಕೋಟಿ ರೂಪಾಯಿ ಬಂಡವಾಳವಿದೆ, ವರ್ಷದ ಲಾಭ 2.5 ಕೋಟಿ ಎಂದಿಟ್ಟುಕೊಳ್ಳೋಣ. ಆರ್‌ಒಐ ಶೇ 25. ಕಂಪನಿಯ ಬಂಡವಾಳ ವೆಚ್ಚ ಶೇ 15. ಈಗ 2 ಕೋಟಿ ಹೂಡಿದರೆ ವರ್ಷಕ್ಕೆ 40 ಲಕ್ಷ ಲಾಭ ತರುವ ಯೋಜನೆ ಬಂದಿದೆ. ಅದರ ಪ್ರತಿಫಲ ಶೇ 20. ಶೇ 15ಕ್ಕೆ ಸಿಗುವ ಹಣದಿಂದ ಶೇ 20 ದುಡಿಯುವುದು ಕಂಪನಿಗೆ ಒಳ್ಳೆಯದೇ. ಆದರೆ ಯೋಜನೆ ಒಪ್ಪಿಕೊಂಡರೆ ವಿಭಾಗದ ಲಾಭ 2.9 ಕೋಟಿ, ಬಂಡವಾಳ 12 ಕೋಟಿಯಾಗಿ, ಆರ್‌ಒಐ ಸುಮಾರು ಶೇ 24ಕ್ಕೆ ಇಳಿಯುತ್ತದೆ. ಬೋನಸ್ ಆರ್‌ಒಐಯನ್ನೇ ನೆಚ್ಚಿಕೊಂಡಿದ್ದರೆ ಮುಖ್ಯಸ್ಥರು ಯೋಜನೆಯನ್ನು ಕೈಬಿಡುವ ಸಂಭವವೇ ಹೆಚ್ಚು. ಉಳಿಕೆ ಆದಾಯದ ಲೆಕ್ಕದಲ್ಲಿ ಹೀಗಾಗದು. ಮೊದಲು 2.5 ಕೋಟಿಯಲ್ಲಿ 1.5 ಕೋಟಿ ಕಳೆದು 1 ಕೋಟಿ ಉಳಿಯುತ್ತಿತ್ತು. ಈಗ 2.9 ಕೋಟಿಯಲ್ಲಿ 1.8 ಕೋಟಿ ಕಳೆದು 1.1 ಕೋಟಿ ಉಳಿಯುತ್ತದೆ. ಹೆಚ್ಚಿದ 10 ಲಕ್ಷ ಮುಖ್ಯಸ್ಥರ ಲೆಕ್ಕಕ್ಕೂ ಸೇರುತ್ತದೆ, ಕಂಪನಿಯ ಲೆಕ್ಕಕ್ಕೂ ಸೇರುತ್ತದೆ.

ಸೊರಗಿದ ವಿಭಾಗದಲ್ಲಿ ಇದೇ ತೊಡಕು ತಿರುವುಮುರುವಾಗುತ್ತದೆ. ಶೇ 10 ಮಾತ್ರ ಗಳಿಸುತ್ತಿರುವ ವಿಭಾಗಕ್ಕೆ ಶೇ 12ರ ಯೋಜನೆ ಸಿಕ್ಕರೆ ಆರ್‌ಒಐ ಏರುತ್ತದೆ, ಮುಖ್ಯಸ್ಥರು ಒಪ್ಪಿಬಿಡುತ್ತಾರೆ. ಶೇ 15 ವೆಚ್ಚದ ಹಣ ಶೇ 12 ಮಾತ್ರ ದುಡಿಯುವುದರಿಂದ ಕಂಪನಿಗೆ ನಷ್ಟ. ಶೇಕಡಾವಾರು ಅಳತೆ ಹೊಸ ಯೋಜನೆಯನ್ನು ವಿಭಾಗದ ಹಳೆಯ ಸರಾಸರಿಯೊಂದಿಗೆ ಹೋಲಿಸುತ್ತದೆ; ಹೋಲಿಸಬೇಕಾದದ್ದು ಬಂಡವಾಳದ ವೆಚ್ಚದೊಂದಿಗೆ.

ಹಾಗೆಂದು ಉಳಿಕೆ ಆದಾಯದಲ್ಲಿ ಕುಂದಿಲ್ಲವೆಂದಲ್ಲ. ಅದು ಮೊತ್ತವಾದ್ದರಿಂದ ದೊಡ್ಡ ವಿಭಾಗಕ್ಕೆ ಅನುಕೂಲ ಮಾಡಿಕೊಡುತ್ತದೆ. 100 ಕೋಟಿ ಹೂಡಿ 16 ಕೋಟಿ ಗಳಿಸಿದ ವಿಭಾಗದ ಉಳಿಕೆ 1 ಕೋಟಿ. 5 ಕೋಟಿ ಹೂಡಿ 1.5 ಕೋಟಿ ಗಳಿಸಿದ ವಿಭಾಗದ್ದು 75 ಲಕ್ಷ. ಬಂಡವಾಳವನ್ನು ಹೆಚ್ಚು ಚೆನ್ನಾಗಿ ದುಡಿಸಿದ್ದು ಎರಡನೆಯದೇ ಆದರೂ ಪಟ್ಟಿಯಲ್ಲಿ ಅದು ಹಿಂದೆ ಬೀಳುತ್ತದೆ. ಇಂಥಲ್ಲಿ ಆರ್‌ಒಐಯನ್ನೂ ಪಕ್ಕದಲ್ಲಿಟ್ಟು ನೋಡಬೇಕಾಗುತ್ತದೆ.

ಇನ್ನೊಂದು ತೊಂದರೆ ಎರಡಕ್ಕೂ ಸಮಾನ: ಸವಕಳಿ. 1 ಕೋಟಿಯ ಯಂತ್ರ ಐದು ವರ್ಷ ಬಾಳುತ್ತದೆ, ವರ್ಷಕ್ಕೆ 20 ಲಕ್ಷ ಸವಕಳಿ ಕಳೆದ ಮೇಲೂ 12 ಲಕ್ಷ ಲಾಭ ತರುತ್ತದೆ ಎನ್ನೋಣ. ಪ್ರತಿ ವರ್ಷದ ಆರಂಭದಲ್ಲಿ ಲೆಕ್ಕಪುಸ್ತಕದಲ್ಲಿರುವ ಬೆಲೆಯನ್ನು ಬಂಡವಾಳವೆಂದು ಹಿಡಿದರೆ, ಮೊದಲ ವರ್ಷ ಆರ್‌ಒಐ ಶೇ 12, ಐದನೆಯ ವರ್ಷ ಶೇ 60. ಯಂತ್ರವೂ ಅದೇ, ಲಾಭವೂ ಅದೇ. ಪುಸ್ತಕದ ಬೆಲೆ ಮಾತ್ರ ಕರಗಿದೆ. ಹಳೆಯ ಯಂತ್ರಗಳನ್ನೇ ಓಡಿಸುವ ಮುಖ್ಯಸ್ಥರು ಹೀಗೆ ಅನಾಯಾಸವಾಗಿ ಜಾಣರೆನಿಸಿಕೊಳ್ಳುತ್ತಾರೆ. ಇದೇ ಯಂತ್ರದ ಉಳಿಕೆ ಆದಾಯ ಮೊದಲ ವರ್ಷ 3 ಲಕ್ಷ ಕೊರತೆ, ಎರಡನೆಯ ವರ್ಷ ಸೊನ್ನೆ, ಆಮೇಲೆ 3, 6, 9 ಲಕ್ಷ. ಐದೂ ಮೊತ್ತಗಳನ್ನು ಶೇ 15ರ ದರದಲ್ಲಿ ಇಂದಿನ ಬೆಲೆಗೆ ಇಳಿಸಿ ಕೂಡಿದರೆ ಸುಮಾರು 7.27 ಲಕ್ಷ. ವರ್ಷಕ್ಕೆ 32 ಲಕ್ಷದಂತೆ ಬರುವ ನಗದಿನಿಂದ ನೇರವಾಗಿ ಲೆಕ್ಕ ಹಾಕಿದ ನಿವ್ವಳ ವರ್ತಮಾನ ಮೌಲ್ಯವೂ ಇಷ್ಟೇ. ಅಂದರೆ ಯೋಜನೆಯ ಇಡೀ ಆಯಸ್ಸಿಗೆ ಉಳಿಕೆ ಆದಾಯದ ತೀರ್ಪು ಸರಿ. ಮೊದಲ ವರ್ಷವನ್ನಷ್ಟೇ ನೋಡಿದರೆ ಒಳ್ಳೆಯ ಯೋಜನೆಯೂ ತಿರಸ್ಕೃತವಾದೀತು.

ಆದ್ದರಿಂದ ಯೋಜನೆಯನ್ನು ಆರಿಸುವಾಗ ನಿವ್ವಳ ವರ್ತಮಾನ ಮೌಲ್ಯವನ್ನು ನೋಡುವುದು, ಮುಖ್ಯಸ್ಥರನ್ನು ಅಳೆಯುವಾಗ ಆ ವರ್ಷಕ್ಕೆ ಮೊದಲೇ ಅಂದಾಜಿಸಿದ ಉಳಿಕೆ ಆದಾಯದ ಜೊತೆ ನಿಜವಾಗಿ ಬಂದದ್ದನ್ನು ಹೋಲಿಸುವುದು ಸರಿಯಾದ ಕ್ರಮ. ಮೊದಲ ವರ್ಷ 3 ಲಕ್ಷ ಕೊರತೆಯೆಂದು ಒಪ್ಪಿಯೇ ಯಂತ್ರ ತಂದಿದ್ದರೆ, 2 ಲಕ್ಷ ಕೊರತೆಗೆ ನಿಲ್ಲಿಸಿದ ಮುಖ್ಯಸ್ಥರು ಗುರಿ ಮೀರಿ ಸಾಧಿಸಿದ್ದಾರೆ ಎಂದೇ ಅರ್ಥ.