ಹೆಸರು ಹೊಸದು, ಜಿಎಸ್‌ಟಿ ನಂಬರ್ ಹಳೆಯದೇ

ನಾನು ಅಕೌಂಟ್ಸ್ ನೋಡಿಕೊಳ್ಳುತ್ತಿದ್ದ ಕಂಪನಿಯ ಹೆಸರು ಬದಲಾದಾಗ ವೆಂಡರ್‌ಗಳಿಗೆಲ್ಲ ಎರಡೇ ಸಾಲಿನ ಇಮೇಲ್ ಕಳಿಸಿ ಕೈತೊಳೆದುಕೊಂಡಿದ್ದೆವು. ‘ನಮ್ಮ ಕಂಪನಿಯ ಹೆಸರು ಬದಲಾಗಿದೆ. ಇನ್ನು ಮುಂದೆ ಹೊಸ ಹೆಸರಿಗೆ ಬಿಲ್ ಮಾಡಿ.’ ಮೆಷಿನ್ ಮೇಂಟೆನೆನ್ಸ್ ಮಾಡುವವರ ಆಫೀಸಿನ ಹುಡುಗ ಅದನ್ನು ಓದಿ, ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ನಮ್ಮನ್ನು ಹೊಸ ಗಿರಾಕಿ ಎಂದು ಸೇರಿಸಿ, ಜಿಎಸ್‌ಟಿ ನಂಬರಿನ ಜಾಗ ಖಾಲಿ ಬಿಟ್ಟ. ಆಮೇಲೆ ಕೇಳಿದರೆ, ‘ಹೊಸ ಕಂಪನಿ ಅಲ್ವಾ ಸರ್, ನಂಬರ್ ಕಳಿಸ್ತೀರಿ ಅಂತ ಕಾಯ್ತಿದ್ದೆ’ ಅಂದ. ತಪ್ಪು ಅವನದಲ್ಲ, ನಮ್ಮ ಇಮೇಲಿನದು.

ಬಿಲ್ 2,00,000 ರೂಪಾಯಿಯದು, ಅದರ ಮೇಲೆ ಶೇ. 18ರಂತೆ 36,000 ತೆರಿಗೆ. ನಂಬರ್ ಇಲ್ಲದ ಬಿಲ್ ಅವರ ರಿಟರ್ನ್‌ನಲ್ಲಿ, ನೋಂದಣಿ ಇಲ್ಲದ ಯಾರೋ ಗ್ರಾಹಕನಿಗೆ ಮಾರಿದ ಲೆಕ್ಕಕ್ಕೆ ಹೋಯಿತು. ತಿಂಗಳ ಕೊನೆಗೆ ಅವರು ತೆರಿಗೆ ಕಟ್ಟಿದ್ದರು, ನಾವು ಅವರಿಗೆ ಹಣ ಕೊಟ್ಟಿದ್ದೆವು. ಆದರೆ ನಮ್ಮ ಖರೀದಿಗಳನ್ನು ತೋರಿಸುವ ಜಿಎಸ್‌ಟಿಆರ್-2ಬಿ ಪಟ್ಟಿಯಲ್ಲಿ ಆ ಬಿಲ್ ಕಾಣಲೇ ಇಲ್ಲ. ಅಲ್ಲಿ ಕಾಣದ ಬಿಲ್ಲಿಗೆ ಇನ್‌ಪುಟ್ ಕ್ರೆಡಿಟ್ ಇಲ್ಲ. ಹಳೆ ಬಿಲ್ಲಿಗೆ ಕ್ರೆಡಿಟ್ ನೋಟ್ ಹಾಕಿಸಿ, ಹೊಸ ಬಿಲ್ ಬರೆಸಿ, 36,000 ನಮ್ಮ ಲೆಕ್ಕಕ್ಕೆ ಬರುವ ಹೊತ್ತಿಗೆ ಮತ್ತೊಂದು ತಿಂಗಳೇ ಕಳೆದಿತ್ತು.

ಹೆಸರು ಬದಲಾದರೂ ನಂಬರ್ ಯಾಕೆ ಬದಲಾಗುವುದಿಲ್ಲ? ಜಿಎಸ್‌ಟಿ ನಂಬರಿನ 15 ಅಕ್ಷರಗಳಲ್ಲಿ ಮೊದಲೆರಡು ರಾಜ್ಯದ ಸಂಕೇತ, ಕರ್ನಾಟಕಕ್ಕೆ 29. ನಂತರದ ಹತ್ತು ಅಕ್ಷರಗಳು ಕಂಪನಿಯ ಪ್ಯಾನ್. ಕಾನೂನಿನ ಕಣ್ಣಿಗೆ ಕಂಪನಿ ಅದೇ, ಬದಲಾದದ್ದು ಬೋರ್ಡು ಮಾತ್ರ. ಹಾಗಾಗಿ ಪ್ಯಾನ್ ಕಾರ್ಡಿನ ಮೇಲೆ ಹೆಸರು ತಿದ್ದಿಸಬೇಕೇ ಹೊರತು ನಂಬರ್ ಹಾಗೇ ಉಳಿಯುತ್ತದೆ. ಇದರಲ್ಲೊಂದು ತಮಾಷೆಯೂ ಇದೆ. ಪ್ಯಾನ್‌ನ ಐದನೆಯ ಅಕ್ಷರ ಹೆಸರಿನ ಮೊದಲಕ್ಷರ. ಯುಟಿಐ ಬ್ಯಾಂಕ್ 2007ರಲ್ಲಿ ಆಕ್ಸಿಸ್ ಬ್ಯಾಂಕ್ ಆಯಿತು. ಅದರ ಪ್ಯಾನ್‌ನಲ್ಲಿ ಐದನೆಯ ಅಕ್ಷರ ಇಂದಿಗೂ ‘ಯು’. ಹೆಸರು ಕಳಚಿಹೋದರೂ ಇನಿಷಿಯಲ್ ಉಳಿದುಕೊಂಡಿದೆ.

ಪೆಟ್ಟು ತಿಂದ ಮೇಲೆ ನಾವು ಬರೆದ ಎರಡನೆಯ ಇಮೇಲಿನ ಸಾರ ಇದು (ನಂಬರ್ ಇಲ್ಲಿ ಮಾದರಿಗಷ್ಟೇ):

‘ನಮ್ಮ ಕಂಪನಿಯ ಹೆಸರು ಈ ತಾರೀಖಿನಿಂದ ಬದಲಾಗಿದೆ. ನಿಮ್ಮ ಇನ್‌ವಾಯ್ಸ್ ಟೆಂಪ್ಲೇಟಿನಲ್ಲಿ ಬಿಲ್ ಯಾರ ಹೆಸರಿಗೆ ಎಂಬ ಕಡೆ ಮತ್ತು ಮಾಲು ತಲುಪಬೇಕಾದ ವಿಳಾಸದ ಕಡೆ ಹೊಸ ಹೆಸರು ಹಾಕಿ, ಕೆಳಗೆ ಹಿಂದಿನ ಹೆಸರನ್ನೂ ಕೊಡಿ. ಜಿಎಸ್‌ಟಿ ನಂಬರ್ 29ABCDE1234F1Z5, ಪ್ಯಾನ್, ವಿಳಾಸ, ರಾಜ್ಯದ ಸಂಕೇತ, ತೆರಿಗೆ ದರ ಯಾವುದೂ ಬದಲಾಗಿಲ್ಲ. ದಯವಿಟ್ಟು ಹೊಸ ಗಿರಾಕಿ ಖಾತೆ ತೆರೆಯಬೇಡಿ, ಇರುವ ಖಾತೆಯಲ್ಲೇ ಹೆಸರು ತಿದ್ದಿ. ಈಗಾಗಲೇ ಕೊಟ್ಟಿರುವ ಬಿಲ್‌ಗಳನ್ನು ಮತ್ತೆ ಬರೆಯಬೇಡಿ. ಹೊಸ ಇನ್‌ಕಾರ್ಪೊರೇಷನ್ ಸರ್ಟಿಫಿಕೇಟ್ ಲಗತ್ತಿಸಿದ್ದೇವೆ. ಮೊದಲ ಬಿಲ್ಲಿನ ಡ್ರಾಫ್ಟ್ ಕಳಿಸಿ, ನೋಡಿ ಹೇಳುತ್ತೇವೆ.’

ಇದರಲ್ಲಿ ಹೆಚ್ಚು ಕೆಲಸ ಮಾಡಿದ್ದು ಹೊಸ ಖಾತೆ ತೆರೆಯಬೇಡಿ ಎಂಬ ಸಾಲು. ನಂಬರ್ ಬದಲಾಗಿಲ್ಲ ಎಂದು ಬರೆದರೆ ಸಾಲದು, ನಂಬರನ್ನೇ ಬರೆದುಕೊಡಬೇಕು. ಆಗ ಆ ಕಡೆಯವರು ತಮ್ಮ ಪರದೆಯ ಮೇಲಿರುವುದರ ಜೊತೆ ಹೋಲಿಸಿ ನೋಡುತ್ತಾರೆ. ಹಳೆ ಬಿಲ್‌ಗಳ ಮಾತನ್ನು ಸೇರಿಸಿದ್ದು ಅತಿ ಉತ್ಸಾಹಿಗಳಿಗಾಗಿ. ಹೆಸರು ಬದಲಾಗುವ ಮುಂಚಿನ ಬಿಲ್ ಹಳೆ ಹೆಸರಿನಲ್ಲೇ ಸರಿ.

ತೊಡಕಿರುವುದು ತಾರೀಖಿನಲ್ಲಿ. ಹೊಸ ಹೆಸರು ಜಾರಿಗೆ ಬರುವುದು ಕಂಪನಿ ರಿಜಿಸ್ಟ್ರಾರ್ ಕೊಡುವ ಹೊಸ ಸರ್ಟಿಫಿಕೇಟಿನ ದಿನದಿಂದ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಹೆಸರು ತಿದ್ದಲು 15 ದಿನಗಳೊಳಗೆ ಅರ್ಜಿ ಹಾಕಬೇಕು, ಆದರೆ ಪೋರ್ಟಲ್ ಪ್ಯಾನ್ ದಾಖಲೆಯ ಹೆಸರನ್ನು ನೋಡುವುದರಿಂದ ಮೊದಲು ಅಲ್ಲಿ ತಿದ್ದಿಸಿರಬೇಕು. ಆಮೇಲೆ ಅಧಿಕಾರಿಯ ಒಪ್ಪಿಗೆ. ಅಷ್ಟರವರೆಗೂ ನಮ್ಮ ನಂಬರ್ ಹಾಕಿ ಪೋರ್ಟಲ್‌ನಲ್ಲಿ ಹುಡುಕಿದ ವೆಂಡರ್‌ಗೆ ಹಳೆ ಹೆಸರೇ ಕಾಣುತ್ತದೆ, ಇಮೇಲ್ ನಕಲಿಯೇನೋ ಎಂಬ ಅನುಮಾನವೂ ಬರುತ್ತದೆ. ಬಿಲ್ಲಿನಲ್ಲಿ ಹಿಂದಿನ ಹೆಸರನ್ನೂ ಕೇಳಿದ್ದು ಇದಕ್ಕೇ. ಕಂಪನಿ ಕಾಯ್ದೆಯೂ ಹೆಸರು ಬದಲಿಸಿದ ಕಂಪನಿ ತನ್ನ ಬೋರ್ಡು, ಲೆಟರ್‌ಹೆಡ್, ಬಿಲ್‌ಗಳ ಮೇಲೆ ಎರಡು ವರ್ಷ ಹಿಂದಿನ ಹೆಸರನ್ನು ಕಾಣಿಸಬೇಕೆನ್ನುತ್ತದೆ.

ಇಂಥ ಇಮೇಲನ್ನು ಕಣ್ಣುಮುಚ್ಚಿ ಎಲ್ಲರೂ ನಕಲು ಮಾಡುವಂತಿಲ್ಲ. ಪಾಲುದಾರಿಕೆ ಸಂಸ್ಥೆ ಪ್ರೈವೇಟ್ ಲಿಮಿಟೆಡ್ ಆದರೆ, ಅಥವಾ ಕಂಪನಿ ಇನ್ನೊಂದರಲ್ಲಿ ವಿಲೀನವಾದರೆ ಹಳೆಯ ಪ್ಯಾನ್ ಮುಂದುವರಿಯುವುದಿಲ್ಲ. ಅಲ್ಲಿ ಜಿಎಸ್‌ಟಿ ನಂಬರ್ ಕೂಡ ಬೇರೆ, ಆಗ ವೆಂಡರ್ ಹೊಸ ಖಾತೆ ತೆರೆಯುವುದೇ ಸರಿ.

ಎರಡನೆಯ ಇಮೇಲ್ ಹೋದ ಮರುದಿನ ಆ ಹುಡುಗ ಡ್ರಾಫ್ಟ್ ಬಿಲ್ ಕಳಿಸಿದ. ನಂಬರ್ ಸರಿ, ಹೆಸರು ಸರಿ, ಹಿಂದಿನ ಹೆಸರೂ ಕೆಳಗೆ ಇತ್ತು. ವಿಳಾಸದಲ್ಲಿ ಮಾತ್ರ ಪಿನ್‌ಕೋಡ್ ಬಿಟ್ಟುಹೋಗಿತ್ತು.