ಒಂದೇ ಸಾಲು, ಮೂರು ಅರ್ಥ

ಎಂಟು ವರ್ಷದ ಹುಡುಗನೊಬ್ಬ ಅಪ್ಪನ ಜೊತೆ ಮೀನು ಹಿಡಿಯಲು ಹೊರಟಿದ್ದಾನೆ. ಅಷ್ಟರಲ್ಲಿ ಪುಟ್ಟ ಹುಡುಗಿಯೊಬ್ಬಳು ಗಾಳ ಹಿಡಿದು ಗೇಟಿನ ಹತ್ತಿರ ಬರುತ್ತಾಳೆ. ಅವಳನ್ನು ಮಾತ್ರ ಕರೆದುಕೊಂಡು ಹೋಗಬೇಡ ಎಂದು ಹುಡುಗ ಅಪ್ಪನ ಮುಂದೆ ಹಟ ಹಿಡಿಯುತ್ತಾನೆ. ಹತ್ತು ವರ್ಷ ಕಳೆಯುತ್ತದೆ. ಅದೇ ಇಬ್ಬರು ಈಗ ಪ್ರೇಮಿಗಳು. ಸಿನಿಮಾ ನೋಡಲು ಹೋದ ಕಡೆ ಬಂದೂಕು ಹಿಡಿದವನೊಬ್ಬ ಹುಡುಗಿಯ ಕೈ ಹಿಡಿದೆಳೆಯುತ್ತಾನೆ. ನನ್ನ ಹತ್ತಿರ ಇರುವುದನ್ನೆಲ್ಲ ತಗೋ, ಅವಳನ್ನು ಮಾತ್ರ ಕರೆದೊಯ್ಯಬೇಡ ಎಂದು ಹುಡುಗ ಅಂಗಲಾಚುತ್ತಾನೆ. ಇನ್ನೊಂದಿಷ್ಟು ವರ್ಷಗಳ ನಂತರ ಆಸ್ಪತ್ರೆ. ಮಗು ಹುಟ್ಟಿದೆ, ತಾಯಿಯ ಜೀವ ಜಾರುತ್ತಿದೆ. ಗಂಡ ಮೊಣಕಾಲೂರಿ ದೇವರಲ್ಲಿ ಅದೇ ಮಾತು ಬೇಡುತ್ತಾನೆ.

ಅಮೆರಿಕದ ಕಂಟ್ರಿ ಸಂಗೀತದ ಈ ಹಾಡಿನ ಹೆಸರು 'ಡೋಂಟ್ ಟೇಕ್ ದ ಗರ್ಲ್'. ಬರೆದವರು ಕ್ರೇಗ್ ಮಾರ್ಟಿನ್ ಮತ್ತು ಲ್ಯಾರಿ ಜಾನ್ಸನ್. 1994ರಲ್ಲಿ ಟಿಮ್ ಮೆಕ್‌ಗ್ರಾ ಹಾಡಿದ ಈ ಗೀತೆ ಬಿಲ್‌ಬೋರ್ಡ್ ಕಂಟ್ರಿ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಆ ಗಾಯಕನಿಗೆ ಅಂಥ ಯಶಸ್ಸು ಸಿಕ್ಕಿದ್ದು ಅದೇ ಮೊದಲು. ಹಾಡಿನಲ್ಲಿ ಬರುವ ನಾಲ್ಕು ಪದಗಳ ಶೀರ್ಷಿಕೆ ಒಂದಕ್ಷರವೂ ಬದಲಾಗುವುದಿಲ್ಲ. ಆದರೆ ಮೊದಲ ಚರಣದಲ್ಲಿ ಅದು ಮಗುವಿನ ಹಟ, ಎರಡನೆಯದರಲ್ಲಿ ಭಯ, ಮೂರನೆಯದರಲ್ಲಿ ಪ್ರಾರ್ಥನೆ.

ಟೆನ್ನೆಸೀ ರಾಜ್ಯದ ನ್ಯಾಶ್‌ವಿಲ್ ನಗರದಲ್ಲಿ ಮ್ಯೂಸಿಕ್ ರೋ ಎಂಬ ಪ್ರದೇಶವಿದೆ. ಸಂಗೀತ ಪ್ರಕಾಶಕರ ಕಚೇರಿಗಳು, ಸ್ಟುಡಿಯೋಗಳು ಅಕ್ಕಪಕ್ಕದಲ್ಲೇ ಇರುವ ಬೀದಿಗಳು ಅವು. ಇಬ್ಬರು ಮೂವರು ಬರಹಗಾರರು ಮೊದಲೇ ಸಮಯ ಗೊತ್ತುಮಾಡಿಕೊಂಡು ಒಂದು ಕೋಣೆಯಲ್ಲಿ ಕೂತು ಹಾಡು ಕಟ್ಟುವುದು ಅಲ್ಲಿನ ರೂಢಿ. ಹಾಗೆ ಕೂತಾಗ ಎಷ್ಟೋ ಸಲ ಮೊದಲು ಮೇಜಿಗೆ ಬರುವುದು ರಾಗವಲ್ಲ, ಕಥೆಯೂ ಅಲ್ಲ, ಶೀರ್ಷಿಕೆ. ಬಸ್ಸಿನಲ್ಲಿ ಕಿವಿಗೆ ಬಿದ್ದ ಮಾತು, ಅಜ್ಜಿ ಬೈದ ಬೈಗುಳ, ಯಾರೋ ಫೋನಿನಲ್ಲಿ ಹೇಳಿದ ಅರ್ಧ ವಾಕ್ಯ ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವ ಅಭ್ಯಾಸ ಈ ಕಸುಬಿನವರಿಗಿದೆ. ಕೇಳುಗನ ಮನಸ್ಸಿಗೆ ಸಿಕ್ಕಿಕೊಳ್ಳುವ ಆ ಮಾತನ್ನು ಅವರು 'ಹುಕ್' ಎನ್ನುತ್ತಾರೆ.

ಶೀರ್ಷಿಕೆ ಸಿಕ್ಕಿತು ಅನ್ನೋಣ, ಮುಂದೇನು? ಬಾಸ್ಟನ್ನಿನ ಬರ್ಕ್ಲೀ ಸಂಗೀತ ಕಾಲೇಜಿನಲ್ಲಿ ಗೀತರಚನೆ ಕಲಿಸಿದ ಪ್ಯಾಟ್ ಪ್ಯಾಟಿಸನ್ ಇದಕ್ಕೊಂದು ಸುಲಭದ ಚಿತ್ರ ಕೊಡುತ್ತಾರೆ. ಮೂರು ಪೆಟ್ಟಿಗೆಗಳು. ಎರಡನೆಯದು ಮೊದಲನೆಯದಕ್ಕಿಂತ ದೊಡ್ಡದು, ಮೂರನೆಯದು ಎರಡಕ್ಕಿಂತ ದೊಡ್ಡದು. ಪ್ರತಿ ಚರಣ ಒಂದು ಪೆಟ್ಟಿಗೆ. ಹಿಂದಿನ ಚರಣ ಹೇಳಿದ್ದನ್ನು ಒಳಗಿಟ್ಟುಕೊಂಡೇ ಮುಂದಿನದು ಶೀರ್ಷಿಕೆಗೆ ಹೆಚ್ಚಿನ ಭಾರ ತರಬೇಕು.

ಹೇಳಲು ಸುಲಭವಾದ ಈ ಕೆಲಸದಲ್ಲಿ ಹೆಚ್ಚಿನವರು ಮುಗ್ಗರಿಸುವುದು ಎರಡನೇ ಚರಣದಲ್ಲಿ. 'ದೀಪ ಆರಿಸಬೇಡ' ಎಂಬ ಶೀರ್ಷಿಕೆಯನ್ನೇ ತೆಗೆದುಕೊಂಡು ನೋಡಬಹುದು. ಮೊದಲ ಚರಣದಲ್ಲಿ ಐದು ವರ್ಷದ ಮಗಳು ರಾತ್ರಿ ಮಲಗುವಾಗ ಅಮ್ಮನಿಗೆ ಹೇಳುತ್ತಾಳೆ: ಕತ್ತಲೆಂದರೆ ಹೆದರಿಕೆ, ದೀಪ ಆರಿಸಬೇಡ. ಎರಡನೆಯದರಲ್ಲಿ ಗುಡುಗು ಮಳೆ ತಂದು, ಮಗಳು ಇನ್ನಷ್ಟು ಹೆದರಿದಳು, ಮತ್ತೆ ಅದನ್ನೇ ಹೇಳಿದಳು ಎಂದು ಬರೆದರೆ ಹಾಡು ಅಲ್ಲೇ ನಿಲ್ಲುತ್ತದೆ. ಮಳೆಯ ವರ್ಣನೆ ಎಷ್ಟೇ ಚೆನ್ನಾಗಿರಲಿ, ಕೇಳುಗನಿಗೆ ಹೊಸದೇನೂ ಸಿಗಲಿಲ್ಲ. ಈ ದೋಷ ಪತ್ತೆಹಚ್ಚುವ ಬಗೆಯೂ ಇದೆ. ಎರಡು ಚರಣಗಳನ್ನು ಅದಲುಬದಲು ಮಾಡಿ ಓದಬೇಕು. ಕಥೆಗೆ ಏನೂ ಆಗದಿದ್ದರೆ ಎರಡೂ ಚರಣ ಒಂದನ್ನೇ ಹೇಳುತ್ತಿವೆ ಎಂದರ್ಥ.

ಸರಿಪಡಿಸಲು ಕಾಲವನ್ನು ಮುಂದೆ ತಳ್ಳಬೇಕು, ಇಲ್ಲವೇ ಮಾತನಾಡುವವರನ್ನು, ಕೇಳಿಸಿಕೊಳ್ಳುವವರನ್ನು ಬದಲಿಸಬೇಕು. ಮಗಳಿಗೆ ಈಗ ಇಪ್ಪತ್ತೆರಡು. ಊರಿಗೆ ಬರುವ ಕೊನೆಯ ಬಸ್ಸು ತಡವಾಗಿದೆ. ಫೋನಿನಲ್ಲಿ ಹೇಳುತ್ತಾಳೆ: ಅಮ್ಮ, ನೀನು ಮಲಗು, ಜಗಲಿಯ ದೀಪ ಆರಿಸಬೇಡ. ಇಲ್ಲಿ ಹೆದರಿಕೆ ಹೋಗಿ ಮನೆಯ ಸೆಳೆತ ಬಂತು. ಮೂರನೆಯದರಲ್ಲಿ ಅಮ್ಮ ಆಸ್ಪತ್ರೆಯ ಹಾಸಿಗೆಯಲ್ಲಿ, ಮಗಳು ಹೊರಗಿನ ಬೆಂಚಿನ ಮೇಲೆ. ಅವಳು ಅದೇ ಮಾತನ್ನು ದೇವರಿಗೆ ಹೇಳುತ್ತಾಳೆ. ಈಗ ದೀಪವೆಂದರೆ ಜೀವ. ಈ ಅರ್ಥವನ್ನು ಮೊದಲ ಚರಣದಲ್ಲೇ ಖರ್ಚು ಮಾಡಿದ್ದರೆ ಕೊನೆಗೆ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಆದ್ದರಿಂದ ಅನುಭವಿಗಳು ಶೀರ್ಷಿಕೆಯ ಎಲ್ಲ ಅರ್ಥಗಳನ್ನೂ ಪಟ್ಟಿ ಮಾಡಿ, ಅತಿ ಭಾರದ್ದನ್ನು ಮೊದಲೇ ಕೊನೆಗೆ ಎತ್ತಿಟ್ಟು, ಅಲ್ಲಿಗೆ ತಲುಪುವ ದಾರಿಯನ್ನು ಹಿಂದಿನಿಂದ ಮುಂದಕ್ಕೆ ಹಾಕುತ್ತಾರೆ.

ಕನ್ನಡದಲ್ಲಿ ಬರೆಯುವವರಿಗೆ ಇಲ್ಲೊಂದು ತೊಡಕು ಎದುರಾಗುತ್ತದೆ. ಇಂಗ್ಲಿಷಿನಲ್ಲಿ ಅಪ್ಪನಿಗೂ ದರೋಡೆಕೋರನಿಗೂ ದೇವರಿಗೂ ಒಂದೇ ಕ್ರಿಯಾಪದ ಸಾಕು. ಕನ್ನಡದ ಹಾಡಿನಲ್ಲಿ ಮೂರನೇ ಚರಣದ ಮಾತು ದೇವರ ಬದಲು ಡಾಕ್ಟರಿಗೆ ಹೋದರೆ 'ಆರಿಸಬೇಡಿ' ಎಂದಾಗಿ ಶೀರ್ಷಿಕೆಯೇ ಮುರಿಯುತ್ತದೆ. ಅಮ್ಮ, ದೇವರು ಇಬ್ಬರನ್ನೂ ನಾವು ಏಕವಚನದಲ್ಲಿ ಕರೆಯುವುದರಿಂದ ಮೇಲಿನ ಹಾಡು ಉಳಿದುಕೊಂಡಿತು. ಶೀರ್ಷಿಕೆ ಆರಿಸುವಾಗಲೇ ಅದನ್ನು ಯಾರು ಯಾರಿಗೆ ಹೇಳಬಹುದು ಎಂದು ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು.

ಈ ವಿಧಾನದ ಅತ್ಯುತ್ತಮ ಮಾದರಿ ಯಾವುದೆಂದು ಕೇಳಿದರೆ ಹೇಳಬೇಕಾದ ಹೆಸರು 'ವೇರ್ ಹ್ಯಾವ್ ಯೂ ಬೀನ್'. ಎಲ್ಲಿದ್ದೆ ಇಷ್ಟು ಹೊತ್ತು ಎಂಬ ಪ್ರಶ್ನೆಯೇ ಶೀರ್ಷಿಕೆ. ಜಾನ್ ವೆಜ್ನರ್ ಮತ್ತು ಡಾನ್ ಹೆನ್ರಿ ಬರೆದ ಇದನ್ನು ವೆಜ್ನರ್ ಅವರ ಹೆಂಡತಿ ಕ್ಯಾಥಿ ಮಟಿಯಾ 1989ರಲ್ಲಿ ಹಾಡಿದರು. ಕ್ಲೇರ್ ಎಂಬಾಕೆ ಪ್ರೀತಿ ತನ್ನ ಪಾಲಿಗಿಲ್ಲ ಎಂದುಕೊಂಡಿದ್ದಾಗ ಎಡ್ವಿನ್ ಸಿಗುತ್ತಾನೆ. ಆಗ ಆ ಪ್ರಶ್ನೆ ಬೆರಗು. ಮುಂದೆ ಸೇಲ್ಸ್‌ಮನ್ ಗಂಡ ಬಿರುಗಾಳಿಯ ರಾತ್ರಿ ತಡವಾಗಿ ಮನೆಗೆ ಬಂದಾಗ ಅದು ಆತಂಕ. ಕೊನೆಗೆ ಇಬ್ಬರೂ ಮುದುಕರಾಗಿ ಒಂದೇ ಆಸ್ಪತ್ರೆಯಲ್ಲಿ ಬೇರೆ ಬೇರೆ ಕಡೆ ಇದ್ದಾರೆ. ನೆನಪು ಕಳೆದುಕೊಂಡ ಕ್ಲೇರ್‌ಗೆ ಯಾರ ಗುರುತೂ ಹತ್ತುತ್ತಿಲ್ಲ. ಎಡ್ವಿನ್‌ನನ್ನು ಅವಳ ಬಳಿಗೆ ಕರೆತಂದಾಗ ಅವಳು ಅದೇ ಪ್ರಶ್ನೆ ಕೇಳುತ್ತಾಳೆ. ಈ ಹಾಡಿನ ಹಿಂದಿರುವುದು ವೆಜ್ನರ್ ಅವರ ಸ್ವಂತ ಅಜ್ಜ-ಅಜ್ಜಿಯ ಬದುಕು.

ಇಲ್ಲಿ ಗಮನಿಸಬೇಕಾದದ್ದು ಎರಡನೇ ಚರಣ. ತಡವಾಗಿ ಬಂದ ಗಂಡನನ್ನು ಹೆಂಡತಿ ಹಾಗೆ ಕೇಳುವುದು ಎಲ್ಲ ಮನೆಗಳಲ್ಲೂ ನಡೆಯುವಂಥದ್ದು. ಬರೀ ಸಾಧಾರಣವೆನಿಸುವ ಆ ದೃಶ್ಯದಿಂದ ಪ್ರಶ್ನೆ ಅವಳ ದಿನನಿತ್ಯದ ಮಾತಾಗಿ ಕೇಳುಗನ ಕಿವಿಯಲ್ಲಿ ಕೂರುತ್ತದೆ. ಅದಿಲ್ಲದೆ ನೇರವಾಗಿ ಆಸ್ಪತ್ರೆಗೆ ಹಾರಿದ್ದರೆ, ಮರೆವಿನ ಮಧ್ಯೆ ಉಳಿದುಬಂದ ಮಾತು ಅದೇ ಏಕೆ ಎನ್ನುವುದಕ್ಕೆ ಉತ್ತರವೇ ಇರುತ್ತಿರಲಿಲ್ಲ.

ಹಾಗಂತ ವಿಧಾನಕ್ಕೆ ಮಿತಿ ಇಲ್ಲವೆಂದಲ್ಲ. ಬಾಲ್ಯ, ಯೌವನ, ಆಸ್ಪತ್ರೆ ಎಂಬ ಮೆಟ್ಟಿಲುಗಳನ್ನು ಕೇಳುಗರು ಈಗ ದೂರದಿಂದಲೇ ಗುರುತಿಸುತ್ತಾರೆ, ಮೇಲಿನ 'ದೀಪ'ದ ಹಾಡಿಗೂ ಆ ಅಪಾಯವಿದೆ. ಕೊನೆಯ ಅರ್ಥ ಸಾವೇ ಆಗಿರಬೇಕಿಲ್ಲ, ಮೊದಲಿನದಕ್ಕಿಂತ ದೊಡ್ಡದಾಗಿದ್ದರೆ ಸಾಕು.

ನಮ್ಮ ಸಿನಿಮಾ ಹಾಡುಗಳ ಲೆಕ್ಕವೇ ಬೇರೆ. ಅಲ್ಲಿ ಸಾಮಾನ್ಯವಾಗಿ ರಾಗ ಮೊದಲು, ಸಾಹಿತ್ಯ ಆಮೇಲೆ. ಪಲ್ಲವಿಯ ಜೊತೆಗೆ ಹೆಚ್ಚಾಗಿ ಎರಡೇ ಚರಣ. ಮೂರು ಪೆಟ್ಟಿಗೆಗಳಿಗೆ ಜಾಗವಿಲ್ಲ. ಆದರೂ ಎರಡು ಚರಣಗಳ ನಂತರ ಪಲ್ಲವಿ ಮರಳಿ ಬಂದಾಗ ಮೊದಲು ಕೇಳಿದ ಅರ್ಥವೇ ಉಳಿದಿದೆಯೋ, ಬೆಳೆದಿದೆಯೋ ಎಂದು ಕೇಳಿಕೊಳ್ಳಲು ಅಡ್ಡಿಯಿಲ್ಲ. ಕವಿತೆ ಬರೆದು ಹಾಡಿಸಬೇಕೆಂದಿರುವವರು ಕ್ಯಾಥಿ ಮಟಿಯಾ ಹಾಡಿದ ಗೀತೆಯನ್ನು ಒಮ್ಮೆ ಹುಡುಕಿ ಕೇಳಲಿ, ವಿಶೇಷವಾಗಿ ಅದರ ಎರಡನೇ ಚರಣವನ್ನು.