ಕಂದಾಯದ ಕಡತದಲ್ಲಿ ಒಂದು ಹೆಸರು

‘ಎಲ್ಲಾ ಕ್ಲಿಯರ್ ಇದೆ ಸಾರ್. ಇ-ಸ್ವತ್ತು ಆಗಿದೆ, ಖಾತೆ ಓನರ್ ಹೆಸರಲ್ಲೇ ಇದೆ.’ ಊರಾಚೆಯ ಲೇಔಟಿನಲ್ಲಿ ಸೈಟು ತೋರಿಸುವ ಬ್ರೋಕರ್ ಹೀಗೆ ಹೇಳುವಾಗ ಸುಳ್ಳು ಹೇಳುತ್ತಿರಬೇಕೆಂದೇನೂ ಇಲ್ಲ. ಅವನು ಮುಂದಿಡುವ ಖಾತೆ ನಕಲು ಅಸಲಿಯೇ ಇರಬಹುದು. ತೊಡಕು ಇರುವುದು ಬೇರೆ ಕಡೆ. ಮೊದಲ ಬಾರಿಗೆ ಸೈಟು ಕೊಳ್ಳುವವರು ಕೇಳುವುದು ‘ಈ ನೆಲ ಯಾರದು?’ ಎಂದು. ಆ ಹಾಳೆ ಹೇಳುವುದು ‘ಈ ನೆಲದ ತೆರಿಗೆಯನ್ನು ಯಾರಿಂದ ವಸೂಲು ಮಾಡಬೇಕು’ ಎಂದು. ಎರಡೂ ಪ್ರಶ್ನೆಗೆ ಬಹಳ ಸಲ ಒಂದೇ ಹೆಸರು ಉತ್ತರವಾಗಿ ಬರುತ್ತದೆ. ಬಾರದಿದ್ದಾಗ ಕೋರ್ಟು.

ಇದು ಹೀಗೇಕೆ ಆಯಿತೆಂದು ತಿಳಿಯಲು ಸುಮಾರು ಎರಡು ಶತಮಾನ ಹಿಂದೆ ಹೋಗಬೇಕು. ಜಮೀನ್ದಾರನನ್ನು ನಡುವೆ ಇಟ್ಟುಕೊಳ್ಳದೆ ರೈತನಿಂದಲೇ ನೇರವಾಗಿ ಕಂದಾಯ ಎತ್ತುವ ರೈತವಾರಿ ಪದ್ಧತಿಯನ್ನು ಮದ್ರಾಸು ಪ್ರಾಂತ್ಯದಲ್ಲಿ ಥಾಮಸ್ ಮನ್ರೋ ಬೆಳೆಸಿದ. ಬೊಂಬಾಯಿ ಪ್ರಾಂತ್ಯದಲ್ಲಿ 1835ರ ಹೊತ್ತಿಗೆ ಗೋಲ್ಡ್‌ಸ್ಮಿಡ್, ವಿಂಗೇಟ್ ಎಂಬ ಅಧಿಕಾರಿಗಳು ಹೊಲಗಳನ್ನು ಅಳೆದು, ಒಂದೊಂದಕ್ಕೂ ಸರ್ವೆ ನಂಬರು ಕೊಟ್ಟು, ಆಕಾರ ಕಟ್ಟುವ ಕ್ರಮ ರೂಪಿಸಿದರು. ಮೈಸೂರು ಸೀಮೆಯಲ್ಲಿ ಇದೇ ಬಗೆಯ ಸರ್ವೆ 1863ರಲ್ಲಿ ಶುರುವಾಯಿತು. ಹೊಲಕ್ಕೊಂದು ನಂಬರು, ನಂಬರಿಗೊಂದು ಕಂದಾಯ, ಕಂದಾಯಕ್ಕೊಬ್ಬ ಹೊಣೆಗಾರ. ಸರ್ಕಾರಕ್ಕೆ ಬೇಕಾದದ್ದು ಅಷ್ಟೇ. ಆ ಹೊಣೆಗಾರ ಹೊಲವನ್ನು ಅಪ್ಪನಿಂದ ಪಡೆದನೋ, ಕೊಂಡನೋ, ಪಾಲಿನಲ್ಲಿ ಪಡೆದನೋ ಎಂಬುದು ಹಣ ಬರುತ್ತಿರುವವರೆಗೆ ಯಾರನ್ನೂ ಕಾಡಲಿಲ್ಲ.

ಆದರೆ ಹೊಲ ಕೈ ಬದಲಾಯಿಸುತ್ತಲೇ ಇತ್ತು. ಪುಸ್ತಕದಲ್ಲಿ ಸತ್ತವರ ಹೆಸರು ಉಳಿದು, ಹೊಲದಲ್ಲಿ ಸಾಹುಕಾರನೋ ದಾಯಾದಿಯೋ ಇರುವ ಸ್ಥಿತಿ ಬಂತು. ಇದನ್ನು ಸರಿಪಡಿಸಲು ಬೊಂಬಾಯಿ ಸರ್ಕಾರ 1903ರಲ್ಲಿ ಹಕ್ಕುದಾಖಲೆ ಕಾಯ್ದೆ ತಂದಿತು. ಬೆಳಗಾವಿ, ಧಾರವಾಡ, ಬಿಜಾಪುರದ ಕಡೆಗೆ ಅದು ಹಾಗೆ ಬಂದದ್ದು. ಮೈಸೂರಿಗೆ ಅಂಥದೇ ಕಾಯ್ದೆ ಬಂದದ್ದು 1927ರಲ್ಲಿ. ಏಕೀಕರಣದ ನಂತರ ಎಲ್ಲ ಕಡೆಗೂ ಒಂದೇ ಆದ ಭೂಕಂದಾಯ ಕಾಯ್ದೆ 1964ರಲ್ಲಿ ಜಾರಿಯಾಯಿತು. ಮ್ಯುಟೇಶನ್, ಅಂದರೆ ಹಕ್ಕು ಬದಲಾವಣೆಯ ನಮೂದು, ಇಂದಿಗೂ ಅದರ 128 ಮತ್ತು 129ನೇ ಕಲಮುಗಳ ಮೇಲೆ ನಿಂತಿದೆ.

ನಮೂದು ಆಗುವ ಬಗೆ ಹೀಗೆ. ಕ್ರಯಪತ್ರ ನೋಂದಣಿಯಾದರೆ ಉಪನೋಂದಣಾಧಿಕಾರಿಯ ಕಚೇರಿಯಿಂದ ತಾಲ್ಲೂಕು ಕಚೇರಿಗೆ ಜೆ-ಸ್ಲಿಪ್ ಎಂಬ ಸೂಚನೆ ಹೋಗುತ್ತದೆ. ಸಾವಿನಿಂದಲೋ ಪಾಲಿನಿಂದಲೋ ಹಕ್ಕು ಬಂದಿದ್ದರೆ ಪಡೆದವರೇ ಅರ್ಜಿ ಕೊಡಬೇಕು. ಹಿಂದೆ ಶಾನುಭೋಗರು ನೋಡಿಕೊಳ್ಳುತ್ತಿದ್ದ ಕೆಲಸ ಈಗ ಗ್ರಾಮ ಆಡಳಿತ ಅಧಿಕಾರಿಯದು. ಹಿತಾಸಕ್ತರಿಗೆ ನೋಟಿಸು ಹೋಗುತ್ತದೆ, ಚಾವಡಿಯಲ್ಲಿ ಪ್ರಕಟವಾಗುತ್ತದೆ. ತಕರಾರು ಬಾರದಿದ್ದರೆ ಕಂದಾಯ ನಿರೀಕ್ಷಕರು ಒಪ್ಪಿಗೆ ಹಾಕುತ್ತಾರೆ. ಬಂದರೆ ಅದು ತಕರಾರು ರಿಜಿಸ್ಟರಿಗೆ ಹೋಗಿ ವಿಚಾರಣೆಯಾಗುತ್ತದೆ. ಒಪ್ಪಿಗೆಯಾದ ನಮೂದಿಗೆ ಎಂ.ಆರ್. ನಂಬರು ಬೀಳುತ್ತದೆ. ಪಹಣಿಯ 9ನೇ ಕಾಲಮಿನಲ್ಲಿ ಹೊಸ ಹೆಸರು ಕೂರುತ್ತದೆ, ಆ ಹೆಸರು ಹೇಗೆ ಬಂತೆಂಬುದು 10ನೇ ಕಾಲಮಿನಲ್ಲಿ, ಸಾಲ ಮತ್ತಿತರ ಹಕ್ಕುಗಳು 11ನೇ ಕಾಲಮಿನಲ್ಲಿ. ಬಹುಪಾಲು ಜನ 9ನ್ನು ನೋಡಿ ಪಹಣಿ ಮಡಚಿಡುತ್ತಾರೆ. ನನ್ನನ್ನು ಕೇಳಿದರೆ ಓದಬೇಕಾದ್ದು 10. ಅಲ್ಲಿರುವ ಎಂ.ಆರ್. ನಂಬರು ಹಿಡಿದು ಹಿಂದಿನ ನಮೂದಿಗೆ, ಅಲ್ಲಿಂದ ಅದರ ಹಿಂದಿನದಕ್ಕೆ ಹೋಗಬಹುದು.

2000ದ ಸುಮಾರಿಗೆ ‘ಭೂಮಿ’ ಯೋಜನೆ ಪಹಣಿಯನ್ನು ಕಂಪ್ಯೂಟರಿಗೆ ಏರಿಸಿತು. ಕೈಬರಹದ ಪಹಣಿಯ ಕಾಲ ಮುಗಿಯಿತು, ತಿದ್ದಿ ಬರೆಯುವುದೂ ಕಷ್ಟವಾಯಿತು. ಆದರೆ ಪುಸ್ತಕದಲ್ಲಿ ತಪ್ಪು ಹೆಸರಿದ್ದರೆ ಪರದೆಯ ಮೇಲೂ ಅದೇ ಹೆಸರು, ಇನ್ನೂ ಅಚ್ಚುಕಟ್ಟಾದ ಅಕ್ಷರದಲ್ಲಿ.

ಖಾತೆಯ ಕಥೆ ಇದಕ್ಕಿಂತ ಚಿಕ್ಕದು. ಹೊಲಕ್ಕೆ ಕಂದಾಯವಿದ್ದಂತೆ ಮನೆ, ನಿವೇಶನಗಳಿಗೆ ಪುರಸಭೆಯ, ಪಂಚಾಯಿತಿಯ ತೆರಿಗೆ, ಅದಕ್ಕೊಂದು ರಿಜಿಸ್ಟರು. ಅದರಲ್ಲಿ ಆಸ್ತಿಯ ನಂಬರು, ತೆರಿಗೆದಾರನ ಹೆಸರು, ಅಳತೆ, ಚಕ್ಕುಬಂದಿ, ಬಳಕೆ, ತೆರಿಗೆ ಇರುತ್ತವೆ. ಖಾತೆ ಇಂಥವರ ಹೆಸರಿನಲ್ಲಿದೆ ಎಂದಷ್ಟೇ ಹೇಳುವುದು ಖಾತೆ ಪ್ರಮಾಣಪತ್ರ. ರಿಜಿಸ್ಟರಿನ ವಿವರಗಳನ್ನು ಎತ್ತಿ ಕೊಡುವುದು ಖಾತೆ ನಕಲು, ಬೆಂಗಳೂರಿನ ಮಾತಿನಲ್ಲಿ ಖಾತಾ ಎಕ್ಸ್‌ಟ್ರ್ಯಾಕ್ಟ್. ಕೊಳ್ಳುವವರಿಗೆ ಬೇಕಾದದ್ದು ಎರಡನೆಯದು, ಏಕೆಂದರೆ ಕ್ರಯಪತ್ರದ ಷೆಡ್ಯೂಲಿನ ಜೊತೆ ಹೋಲಿಸಿ ನೋಡಲು ಅಳತೆಯೂ ಗಡಿಯೂ ಅದರಲ್ಲಿವೆ. ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಇದು 2013ರಿಂದ ಇ-ಸ್ವತ್ತು ತಂತ್ರಾಂಶದ ನಮೂನೆ 9 ಮತ್ತು 11ಎ ಆಗಿ ಬರುತ್ತದೆ. 9ರಲ್ಲಿ ಆಸ್ತಿಯ ವಿವರ, 11ರಲ್ಲಿ ತೆರಿಗೆಯ ಬೇಡಿಕೆ, ವಸೂಲಿ, ಬಾಕಿ. ಬ್ರೋಕರ್ ಕೊಟ್ಟ ಹಾಳೆಯ ಮೇಲೆ 11ಬಿ ಎಂದಿದ್ದರೆ ಅಲ್ಲೇ ನಿಲ್ಲಿ. ಭೂ ಪರಿವರ್ತನೆಯೋ ನಕ್ಷೆಯ ಮಂಜೂರಾತಿಯೋ ಸರಿಯಿಲ್ಲದ ಆಸ್ತಿಯಿಂದಲೂ ತೆರಿಗೆ ಎತ್ತಲು ಮಾಡಿಕೊಂಡ ದಾರಿ ಅದು.

ಹೀಗೆ ಒಂದೇ ನೆಲಕ್ಕೆ ಎರಡು ಪುಸ್ತಕಗಳು. ಹೊಲವಾಗಿರುವಷ್ಟು ಕಾಲ ಅದು ತಹಶೀಲ್ದಾರರ ಪಹಣಿಯಲ್ಲಿ, ನಿವೇಶನವಾದ ಮೇಲೆ ಪಂಚಾಯಿತಿಯ ಅಥವಾ ಪುರಸಭೆಯ ಖಾತೆಯಲ್ಲಿ. ನಡುವಿನ ಸೇತುವೆ ಜಿಲ್ಲಾಧಿಕಾರಿಯ ಭೂ ಪರಿವರ್ತನೆ ಆದೇಶ. ಸೈಟು ಕೊಳ್ಳುವವರ ಕೈಗೆ ಸಿಗುವುದು ಎರಡನೇ ಪುಸ್ತಕದ ಹಾಳೆ ಮಾತ್ರ. ಗುಂಡಿ ಇರುವುದು ಸಾಮಾನ್ಯವಾಗಿ ಮೊದಲನೆಯದರಲ್ಲಿ.

ಒಂದು ಉದಾಹರಣೆ ಕಟ್ಟಿಕೊಂಡು ನೋಡೋಣ. ಸರ್ವೆ ನಂಬರು 48, ಎರಡು ಎಕರೆ ಹತ್ತು ಗುಂಟೆ, ಪಿತ್ರಾರ್ಜಿತ ಜಮೀನು. ಮುನಿಯಪ್ಪನೆಂಬ ರೈತ 1998ರಲ್ಲಿ ತೀರಿಕೊಂಡ. ಹೆಂಡತಿ ಮೊದಲೇ ಹೋಗಿದ್ದಳು. ಇಬ್ಬರು ಗಂಡುಮಕ್ಕಳು, 1990ರಲ್ಲೇ ಮದುವೆಯಾಗಿ ಬೇರೆ ಊರು ಸೇರಿದ ಒಬ್ಬಳು ಮಗಳು. 2001ರಲ್ಲಿ ಗಂಡುಮಕ್ಕಳು ಪೌತಿ ಖಾತೆ ಮಾಡಿಸಿಕೊಂಡರು. ಕೊಟ್ಟ ವಂಶವೃಕ್ಷದಲ್ಲಿ ಅಕ್ಕನ ಹೆಸರಿಲ್ಲ. ನೋಟಿಸು ಚಾವಡಿಯ ಗೋಡೆಗೆ ಅಂಟಿತು. ಅಕ್ಕ ಆ ಚಾವಡಿಯ ಮುಂದೆ ಓಡಾಡುವವಳಲ್ಲ. ತಕರಾರು ಬರಲಿಲ್ಲ, ಎಂ.ಆರ್. ಆಯಿತು. 2009ರಲ್ಲಿ ಅಣ್ಣತಮ್ಮಂದಿರು ಡೆವಲಪರ್ ಒಬ್ಬನಿಗೆ ಕ್ರಯ ಮಾಡಿಕೊಟ್ಟರು, ಮತ್ತೊಂದು ಎಂ.ಆರ್. ಬಿತ್ತು. ಮರುವರ್ಷ ಪರಿವರ್ತನೆ, ಆಮೇಲೆ ನಕ್ಷೆ ಮಂಜೂರು, 2014ರಲ್ಲಿ ಸೈಟುಗಳಿಗೆ ನಮೂನೆ 9, 11ಎ. ಈಗ ನಿಮಗೆ ತೋರಿಸುತ್ತಿರುವುದು 23ನೇ ಸೈಟು, 30x40.

ಒಂದೊಂದು ಹಾಳೆಯೂ ನಿಯಮದಂತೆಯೇ ಇದೆ. ಆದರೂ ಈ ನೆಲದಲ್ಲಿ ಅಕ್ಕನ ಮೂರನೇ ಒಂದು ಪಾಲು ಹಾಗೇ ಉಳಿದಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಾದ ತಿದ್ದುಪಡಿ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿತು. ಆ ದಿನ ತಂದೆ ಬದುಕಿರಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ವಿಭಾಗವೋ ಮಾರಾಟವೋ ಆಗಿದ್ದರೆ ಮಾತು ಬೇರೆ. ಇಲ್ಲಿ ಆ ಮೊದಲು ಆಗಿದ್ದು ಪೌತಿ ಖಾತೆ ಮಾತ್ರ, ಮತ್ತು ಪೌತಿ ಖಾತೆ ವಿಭಾಗವಲ್ಲ. ಅಕ್ಕ ದಾವೆ ಹೂಡಿದರೆ 23ನೇ ಸೈಟಿನವರೂ ಪ್ರತಿವಾದಿಗಳಾಗುತ್ತಾರೆ. ಖಾತೆ ನಕಲು ತೋರಿಸಿದರೆ ನ್ಯಾಯಾಧೀಶರು ಅದನ್ನು ತಳ್ಳಿಹಾಕುವುದಿಲ್ಲ, ಆದರೆ ಅದರಿಂದ ಮಾಲೀಕತ್ವವೂ ಹುಟ್ಟುವುದಿಲ್ಲ. ಮ್ಯುಟೇಶನ್ ಹಕ್ಕನ್ನು ಸೃಷ್ಟಿಸುವುದೂ ಇಲ್ಲ, ಅಳಿಸುವುದೂ ಇಲ್ಲ, ಅದು ಕಂದಾಯದ ಉದ್ದೇಶಕ್ಕೆ ಮಾತ್ರ ಎಂಬುದನ್ನು ಸುಪ್ರೀಂ ಕೋರ್ಟ್ 1996ರಿಂದ 2021ರವರೆಗೆ ಹಲವು ತೀರ್ಪುಗಳಲ್ಲಿ ಹೇಳುತ್ತ ಬಂದಿದೆ. ಹಾಗೆಂದು ನಮೂದು ನಿಷ್ಪ್ರಯೋಜಕವೂ ಅಲ್ಲ. ಸುಳ್ಳೆಂದು ರುಜುವಾತಾಗುವವರೆಗೆ ಅದನ್ನು ನಿಜವೆಂದೇ ಭಾವಿಸಬೇಕು ಎನ್ನುತ್ತದೆ ಭೂಕಂದಾಯ ಕಾಯ್ದೆಯ 133ನೇ ಕಲಮು. ರುಜುವಾತಿನ ಹೊರೆ ಅಕ್ಕನ ಮೇಲೆ ಬೀಳುತ್ತದೆ. ತಂದೆಯ ಮಗಳೆಂದು ರುಜುವಾತು ಮಾಡುವುದು ಅಷ್ಟೇನೂ ಕಷ್ಟವಲ್ಲ.

ಇದನ್ನು ಮೊದಲೇ ಕಾಣಲು ಸಾಧ್ಯವಿತ್ತೇ? ಇತ್ತು. ಖಾತೆ ನಕಲಿನಲ್ಲಿ ಅಲ್ಲ, 2001ರ ಎಂ.ಆರ್. ಪ್ರತಿಯಲ್ಲಿ. ಅದರಲ್ಲಿ ‘ಪೌತಿ’ ಎಂಬ ಪದ ಕಂಡ ಕೂಡಲೇ ಜೊತೆಗಿದ್ದ ವಂಶವೃಕ್ಷ ಕೇಳಬೇಕು. ಅದರಲ್ಲಿ ಬರೀ ಗಂಡು ಹೆಸರುಗಳೇ ಇದ್ದರೆ ಊರಿಗೆ ಹೋಗಿ ವಿಚಾರಿಸಬೇಕು. ಅಕ್ಕಪಕ್ಕದ ಹೊಲದವರಿಗೆ ಮುನಿಯಪ್ಪನಿಗೆ ಎಷ್ಟು ಮಕ್ಕಳೆಂದು ಯಾವ ತಂತ್ರಾಂಶಕ್ಕಿಂತಲೂ ಚೆನ್ನಾಗಿ ಗೊತ್ತಿರುತ್ತದೆ. ಋಣಭಾರ ಪ್ರಮಾಣಪತ್ರ, ನಾವು ಇ.ಸಿ. ಎನ್ನುವುದು, ಇದನ್ನು ತೋರಿಸುವುದಿಲ್ಲ. ಅದು ನೋಂದಣಿಯಾದ ವ್ಯವಹಾರಗಳ ಪಟ್ಟಿ. ಸಾವು ನೋಂದಣಿ ಕಚೇರಿಯ ವ್ಯವಹಾರವಲ್ಲ.

ಸರಪಳಿಯ ತೀರ ಹಿಂದಿನ ಕೊಂಡಿಯಲ್ಲಿ ‘ಮಂಜೂರಾತಿ’ ಎಂದಿದ್ದರೆ ಇನ್ನೊಂದು ಎಚ್ಚರಿಕೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಜಮೀನನ್ನು ಷರತ್ತು ಮೀರಿ ಅಥವಾ ಸರ್ಕಾರದ ಅನುಮತಿಯಿಲ್ಲದೆ ಮಾರಿದ್ದರೆ 1978ರ ಕಾಯ್ದೆಯಡಿ ಅದು ಮೂಲ ಮಂಜೂರುದಾರರಿಗೆ ಹಿಂದಿರುಗಬಹುದು. ಅದಕ್ಕೆ ಅರ್ಜಿ ಹಾಕಲು ಕಾಲಮಿತಿಯಿಲ್ಲ ಎಂದು 2023ರ ತಿದ್ದುಪಡಿ ಹೇಳಿದೆ. ಎಷ್ಟು ಕೈ ದಾಟಿದೆ, ಎಷ್ಟು ಖಾತೆಯಾಗಿದೆ ಎಂಬುದು ಅಲ್ಲಿ ಲೆಕ್ಕಕ್ಕೆ ಬಾರದು.

ಪಹಣಿಯ ಈಗಿನ ಸ್ಥಿತಿಯನ್ನೂ ಒಮ್ಮೆ ನೋಡಿ. ಪರಿವರ್ತನೆಯಾಗಿ ವರ್ಷಗಳು ಕಳೆದರೂ 9ನೇ ಕಾಲಮಿನಲ್ಲಿ ಹಳೆಯ ಹೆಸರೇ ಪೂರ್ತಿ ವಿಸ್ತೀರ್ಣದೊಂದಿಗೆ ಉಳಿದಿರುವುದುಂಟು. ಆಗ ಅದೇ ನೆಲ ಒಂದು ಪುಸ್ತಕದಲ್ಲಿ ಎಕರೆಯಾಗಿ, ಇನ್ನೊಂದರಲ್ಲಿ ಸೈಟುಗಳಾಗಿ ಎರಡು ಸಲ ಬದುಕಿರುತ್ತದೆ. ಎಕರೆಯ ಮೇಲೆ ಯಾರಾದರೂ ಸಾಲ ಎತ್ತಿದ್ದಾರೆಯೇ ಎಂಬುದು 11ನೇ ಕಾಲಮಿನಲ್ಲೂ ಸರ್ವೆ ನಂಬರಿನ ಮೇಲೆ ತೆಗೆಸಿದ ಇ.ಸಿ.ಯಲ್ಲೂ ಕಾಣುತ್ತದೆ. ಬರೀ ಸೈಟು ನಂಬರಿನ ಮೇಲೆ ಇ.ಸಿ. ತೆಗೆಸಿದರೆ ಕಾಣದೇ ಹೋಗಬಹುದು.

ಮುನಿಯಪ್ಪನ ಮಗಳ ವಿಷಯ ಗೊತ್ತಾದ ಮೇಲೂ ಸೈಟು ಬೇಕೇ ಬೇಕೆನಿಸಿದರೆ, ಡೆವಲಪರ್ ಅವಳಿಂದ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ತರಲಿ, ಅಥವಾ ನಿಮ್ಮ ಕ್ರಯಪತ್ರಕ್ಕೆ ಅವಳೂ ಮಾರುವವಳಾಗಿ ಸಹಿ ಹಾಕಲಿ. ನೂರು ರೂಪಾಯಿಯ ಛಾಪಾ ಕಾಗದದ ಮೇಲೆ ‘ನಮ್ಮ ತಕರಾರಿಲ್ಲ’ ಎಂದು ಬರೆಸಿ ನೋಟರಿ ಮಾಡಿಸಿದ್ದು ಸಾಲದು. ಹಕ್ಕು ಕೈಬಿಡುವ ಪತ್ರ ನೋಂದಣಿಯಾಗಲೇಬೇಕು. ಅವಳು ಒಪ್ಪಲಿಲ್ಲವೆಂದರೆ ಮುಂಗಡ ವಾಪಸು ಕೇಳಿ. ಹಾಗೆ ಕೇಳಲು ಅವಕಾಶವಿರುವಂತೆ ಕರಾರುಪತ್ರವನ್ನು ಮೊದಲೇ ಬರೆಸಿಕೊಂಡಿರಬೇಕು.